ಹಳೆಯ ಕಾರು ಕೊಳ್ಳುವ ಮುನ್ನ ಪರೀಕ್ಷೆ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಮುಂಗಡ ಕೊಡುವುದಿಲ್ಲ. ಅದೇ ರೈತರು ತುಮಕೂರು ರಸ್ತೆಯಲ್ಲಿ ಪೀಣ್ಯಕ್ಕೆ ಬಂದು ಹಳೆಯ ಕಾರು ನೋಡುವಾಗ ಬಣ್ಣದ ಹೊಳಪಿಗೆ ಮರುಳಾಗುವುದುಂಟು. ಕಾರಿನ ದೋಷಗಳು ಎರಡು ಬಗೆಯವು. ಕೆಲವನ್ನು ರಿಪೇರಿಯ ಖರ್ಚು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಇನ್ನು ಕೆಲವು ಕಂಡೊಡನೆ ವ್ಯಾಪಾರವನ್ನೇ ಕೈಬಿಡಬೇಕು. ಇವೆರಡನ್ನು ಬೇರ್ಪಡಿಸಿ ನೋಡುವುದೇ ಪರೀಕ್ಷೆಯ ಉದ್ದೇಶ.

ಮೊದಲು ದಾಖಲೆ

ಕಾರಿನ ಚಾಸಿಸ್ ನಂಬರನ್ನು ಲೋಹದ ಮೇಲೆ ಅಚ್ಚೊತ್ತಿರುತ್ತಾರೆ. ಕೆಲವು ಕಾರುಗಳಲ್ಲಿ ಇದು ಎಂಜಿನ್ನಿನ ಹಿಂದಿನ ತಗಡಿನ ಮೇಲೆ, ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗೆ ಇರುತ್ತದೆ. ಇದನ್ನು ಆರ್.ಸಿ.ಯೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಅರ ಹಾಕಿ ಉಜ್ಜಿದ ಗುರುತು, ಸಾಲು ತಪ್ಪಿದ ಅಂಕಿಗಳು, ಸುತ್ತ ಬೆಸುಗೆ ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಆ ಕಾರು ಬೇಡ. ಅದು ಕದ್ದ ವಾಹನವಾಗಿದ್ದಲ್ಲಿ ಹಣವೂ ಹೋಗುತ್ತದೆ, ಕಾರೂ ಹೋಗುತ್ತದೆ.

ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ಬಾಕಿ ಇರಬಹುದು. ಬ್ಯಾಂಕಿನವರು ಸಹಿ ಮಾಡಿದ ನಮೂನೆ 35 ಮತ್ತು ಸಾಲ ತೀರಿದ ಪತ್ರವನ್ನು ಕಣ್ಣಾರೆ ನೋಡುವವರೆಗೆ ಮುಂಗಡ ಕೊಡಬಾರದು.

ತಣ್ಣಗಿರುವ ಎಂಜಿನ್

ಬೆಳಿಗ್ಗೆಯೇ ಹೋಗಿ. ಎಂಜಿನ್ ಮುಟ್ಟಿದಾಗ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಎಂಜಿನ್ ಹೊತ್ತಿಕೊಳ್ಳುವಲ್ಲಿನ ತೊಂದರೆ ಮರೆಯಾಗುತ್ತದೆ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಬೇಕು. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೂ ಅದೇ ರೋಗ.

ನಂತರ ಎಂಜಿನ್ ಚಾಲೂ ಮಾಡಿಸಿ. ಚಳಿಯ ಬೆಳಿಗ್ಗೆ ಮೊದಲೆರಡು ನಿಮಿಷ ಬಿಳಿ ಹಬೆ ಬಂದರೆ ಹೆದರಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದು, ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಉಗುಳಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಎಂಜಿನ್ ಬಿಚ್ಚಲೇಬೇಕಾದ ಕಾರನ್ನು ಬಿಟ್ಟುಬಿಡುವುದೇ ಲೇಸು. ಬಿಚ್ಚುವವರೆಗೆ ಖರ್ಚು ಎಷ್ಟೆಂದು ಯಾರಿಗೂ ಹೇಳಲಾಗದು.

ಮೈಕಟ್ಟು

ಬಾಗಿಲು ಅಥವಾ ಮಡ್‌ಗಾರ್ಡಿಗೆ ಬಣ್ಣ ಹೊಡೆದಿದ್ದರೆ ಅದು ಚೌಕಾಸಿಯ ವಿಷಯ ಮಾತ್ರ. ಆದರೆ ಎಂಜಿನ್ನನ್ನು ಹೊತ್ತ ಉದ್ದನೆಯ ತೊಲೆಗಳು ಮತ್ತು ಬಾಗಿಲ ಕಂಬಗಳು ಕಾರಿನ ಬೆನ್ನೆಲುಬು ಇದ್ದಂತೆ. ಅಲ್ಲಿ ಹೊಸ ಬೆಸುಗೆ ಅಥವಾ ಸುಕ್ಕು ಕಂಡರೆ ದೊಡ್ಡ ಅಪಘಾತವಾಗಿದೆ, ವ್ಯಾಪಾರ ಬಿಡಿ. ಇದನ್ನು ಕಾರಿನ ಕೆಳಗಿನಿಂದಲೇ ನೋಡಬೇಕು. ಆದ್ದರಿಂದ ನಿಮ್ಮ ಪರಿಚಯದ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು, ಕಾರನ್ನು ಮೇಲೆತ್ತುವ ಅನುಕೂಲವಿರುವ ವರ್ಕ್‌ಶಾಪಿಗೆ ಒಯ್ಯಿರಿ. ಮಾರುವವರ ಮೆಕ್ಯಾನಿಕ್ಕಿನ ಮಾತು ಸಾಲದು.

ನೀರಿನಲ್ಲಿ ಮುಳುಗಿದ ಕಾರು

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಭಾಗಗಳಲ್ಲಿ ಅನೇಕ ಕಾರುಗಳು ಮುಳುಗಿದವು. ಇಂತಹ ಕಾರನ್ನು ತೊಳೆದು ಒಣಗಿಸಿದರೆ ಹೊರನೋಟಕ್ಕೆ ಏನೂ ತಿಳಿಯದು. ಆದರೆ ವೈರುಗಳ ಕೂಡುಗಳಲ್ಲಿ ಕಿಲುಬು ಒಳಗೊಳಗೇ ಬೆಳೆಯುತ್ತದೆ. ತಿಂಗಳುಗಳ ನಂತರ ಎಂಜಿನ್ ದಾರಿಯಲ್ಲೇ ನಿಲ್ಲಬಹುದು, ಅಪಘಾತದಲ್ಲಿ ಗಾಳಿಚೀಲ ಬಿಚ್ಚಿಕೊಳ್ಳದಿರಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೆಲಮಂಗಲದ ಕಡೆಯ ರೈತರೊಬ್ಬರಿಗೆ ಪೀಣ್ಯದಲ್ಲಿ ತೋರಿಸಿದ ಕಾರಿನ ಬೆಲೆ 3,20,000 ರೂಪಾಯಿ. ಟೈರಿನ ಪಕ್ಕದಲ್ಲಿ 2119 ಎಂದಿದೆ, ಅಂದರೆ 2019ರ 21ನೆಯ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರಿಗೆ 18,000, ಜಾರುವ ಕ್ಲಚ್ಚಿಗೆ 12,000 ಎಂದು ಕಳೆದು ಅವರು 2,90,000ಕ್ಕೆ ಕೇಳುತ್ತಾರೆ. ಇದು ಸರಿಯಾದ ಲೆಕ್ಕವೇ. ಆಮೇಲೆ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದಾಗ, ಎಂದೂ ಹೊರಬಾರದ ತುದಿಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಕಂಬಿಗಳಿಗೂ ಡ್ಯಾಶ್‌ಬೋರ್ಡಿನ ಅಡಿಯ ತಿರುಪುಗಳಿಗೂ ತುಕ್ಕು ಹಿಡಿದಿದೆ. ನೆಲಹಾಸಿನ ಅಡಿಯಲ್ಲಿ ಒಣಗಿದ ಮಣ್ಣಿದೆ. ಮಾರುವವರು “ಒಳಗೆ ನೀರು ಚೆಲ್ಲಿತ್ತು, ಅಷ್ಟೆ; ಇನ್ನೂ 40,000 ಬಿಡುತ್ತೇನೆ” ಎನ್ನುತ್ತಾರೆ.

ಇಲ್ಲಿಯೇ ಹಲವರು ಮೋಸಹೋಗುವುದು. ಟೈರಿಗೆ, ಕ್ಲಚ್ಚಿಗೆ ಬೆಲೆ ಕಟ್ಟಬಹುದು. ಕಿಲುಬು ಎಲ್ಲಿಯವರೆಗೆ ಹರಡಿದೆಯೆಂದು ಗೊತ್ತಿಲ್ಲದಿರುವಾಗ ಎಷ್ಟು ಕಳೆದರೂ ಲೆಕ್ಕ ಸರಿಹೋಗದು. ಆ ರೈತರು ಮೆಕ್ಯಾನಿಕ್ಕಿನ ಕೂಲಿಯನ್ನಷ್ಟೇ ಕಳೆದುಕೊಂಡು ಹಿಂದಿರುಗುವುದು ಉಚಿತ. ತಿದ್ದಿದ ನಂಬರು, ನೀರು ಬೆರೆತ ಅಥವಾ ರಿಂಗು ಸವೆದ ಎಂಜಿನ್, ಬೆಸೆದ ತೊಲೆ, ಮುಳುಗಿದ ಗುರುತು, ಈ ನಾಲ್ಕರಲ್ಲಿ ಒಂದು ಕಂಡರೂ ಬೆಲೆಯ ಮಾತು ಮುಂದುವರಿಸಬೇಡಿ.