ಕಾಮಕಸ್ತೂರಿ ಬೀಜವೂ ಚಿಯಾ ಬೀಜವೂ: ನೆನೆದ ಮೇಲೆಯೇ ಪಾನಕಕ್ಕೆ

ಬೇಸಿಗೆಯ ಅರವಟ್ಟಿಗೆಗಳಲ್ಲಿ ಪಾನಕಕ್ಕೆ ಕಾಮಕಸ್ತೂರಿ ಬೀಜವನ್ನು ಹಾಕುವುದು ಹಳೆಯ ರೂಢಿ. ಸಬ್ಜಾ ಎಂದು ಅಂಗಡಿಗಳಲ್ಲಿ ದೊರೆಯುವುದೂ ಇದೇ. ಈಚೆಗೆ ಇದರ ಬದಲಿಗೆ ಚಿಯಾ ಬೀಜವನ್ನು ಬಳಸುವ ಭಕ್ತರೂ ಇದ್ದಾರೆ. ಎರಡೂ ತುಳಸಿಯ ಕುಟುಂಬಕ್ಕೆ ಸೇರಿದವು. ಆದರೆ ಒಂದೇ ಅಲ್ಲ. ಸಬ್ಜಾ ಅಚ್ಚ ಕಪ್ಪು ಬಣ್ಣದ್ದು. ಚಿಯಾ ಮೆಕ್ಸಿಕೊ ಕಡೆಯಿಂದ ಬಂದದ್ದು; ನುಣುಪಾಗಿ, ಬೂದು ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿಂದ ಕೂಡಿರುತ್ತದೆ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಚಿಯಾದ ಉಲ್ಲೇಖವಿಲ್ಲ.

ನೀರು ತಾಗಿದೊಡನೆ ಎರಡರ ಸುತ್ತಲೂ ಲೋಳೆ ಕಟ್ಟುತ್ತದೆ. ತಂಪಿನ ಪಾನೀಯದಲ್ಲಿ ನಾವು ಬಯಸುವ ಗುಣ ಇದೇ. ಅಪಾಯ ಇರುವುದೂ ಇದರಲ್ಲಿಯೇ. ಬೀಜವು ಬಟ್ಟಲಿನಲ್ಲಿ ಉಬ್ಬಬೇಕು, ಗಂಟಲಿನಲ್ಲಿ ಅಲ್ಲ.

ಒಂದು ಚಹಾ ಚಮಚ ಸಬ್ಜಾವನ್ನು ತೊಳೆದು, ಒಂದು ಲೋಟ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಸಬೇಕು. ಚಿಯಾ ನಿಧಾನವಾಗಿ ನೆನೆಯುತ್ತದೆ. ಅದೇ ಅಳತೆಗೆ ಅರ್ಧ ಗಂಟೆಯಾದರೂ ಬೇಕು. ಅಲ್ಲದೆ ಅದು ತಳದಲ್ಲಿ ಗಂಟು ಕಟ್ಟುವುದರಿಂದ, ಹಾಕಿದಾಗ ಒಮ್ಮೆ, ಐದು ನಿಮಿಷದ ನಂತರ ಮತ್ತೊಮ್ಮೆ ಕದಡಬೇಕು. ಪ್ರತಿ ಬೀಜದ ಸುತ್ತಲೂ ಪಾರದರ್ಶಕ ಪದರ ಕಾಣಿಸಿ, ಎಲ್ಲಿಯೂ ಒಣ ಗಂಟು ಉಳಿಯದಿದ್ದರೆ ಹದವಾಯಿತೆಂದು ತಿಳಿಯಬೇಕು. ಆಮೇಲೆ ಬೆಲ್ಲದ ಪಾನಕಕ್ಕೋ ಮಜ್ಜಿಗೆಗೋ ಬೆರೆಸಬಹುದು. ಬಡಿಸುವ ಹೊತ್ತಿಗೆ ಒಣಬೀಜವನ್ನು ಉದುರಿಸಿ ಕೊಡುವುದು ಸಲ್ಲದು.

ಇದಕ್ಕೆ 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಪ್ರಕರಣವೊಂದು ನಿದರ್ಶನ. ಮೊದಲಿನಿಂದಲೂ ಆಗಾಗ ನುಂಗಲು ತೊಂದರೆಯಿದ್ದ 39 ವರ್ಷದ ವ್ಯಕ್ತಿಯೊಬ್ಬರು ಒಂದು ದೊಡ್ಡ ಚಮಚ ಒಣ ಚಿಯಾ ನುಂಗಿ, ಮೇಲೆ ನೀರು ಕುಡಿದರು. ಬೀಜಗಳು ಅನ್ನನಾಳದಲ್ಲಿಯೇ ಉಬ್ಬಿ ದಾರಿಯನ್ನು ಮುಚ್ಚಿದವು. ಆ ಲೋಳೆ ಗಟ್ಟಿಯೂ ಅಲ್ಲದೆ ತೆಳುವೂ ಅಲ್ಲದೆ ಇದ್ದುದರಿಂದ ಉಪಕರಣಗಳಿಗೆ ಸುಲಭವಾಗಿ ಸಿಗಲಿಲ್ಲ. ಕಡೆಗೆ ಎಂಡೋಸ್ಕೋಪಿಯ ಸಣ್ಣ ನಳಿಗೆಯಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಹೊಟ್ಟೆಗೆ ತಳ್ಳಬೇಕಾಯಿತು.

ಒಣಬೀಜವನ್ನು ಯಾರೂ ನುಂಗದಿರುವುದೇ ಲೇಸು. ನುಂಗುವಾಗ ಆಹಾರ ಸಿಕ್ಕಿಕೊಳ್ಳುವವರು, ಪಾರ್ಶ್ವವಾಯು ಪೀಡಿತರು, ಅನ್ನನಾಳ ಅಥವಾ ಕರುಳು ಕಿರಿದಾಗಿರುವವರು, ಹಲ್ಲಿಲ್ಲದ ವೃದ್ಧರು ಮತ್ತು ಚಿಕ್ಕ ಮಕ್ಕಳು ಇದನ್ನು ಖಂಡಿತವಾಗಿ ವರ್ಜಿಸಬೇಕು. ನುಂಗುವ ತೊಂದರೆಯುಳ್ಳವರು ಮತ್ತು ಕರುಳಿನ ಶಸ್ತ್ರಚಿಕಿತ್ಸೆಯಾದವರು ನೆನೆಸಿದ ಬೀಜವನ್ನೂ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಇಂಥವರಿಗೆ ಬೀಜವಿಲ್ಲದ ಪಾನಕವನ್ನು ಬೇರೆಯಾಗಿ ತೆಗೆದಿಡುವುದು ಉತ್ತಮ. ದೇಹದ ಬಾಯಾರಿಕೆಯನ್ನು ಮುಖ್ಯವಾಗಿ ತಣಿಸುವುದು ನೀರೇ ಆದುದರಿಂದ ಅವರಿಗೇನೂ ಕೊರತೆಯಾಗದು.

ಬೀಜ ನುಂಗಿದ ಮೇಲೆ ಎದೆಯಲ್ಲಿ ಏನೋ ಸಿಕ್ಕಿಕೊಂಡಂತಾಗಿ, ಉಗುಳನ್ನೂ ನುಂಗಲಾಗದಿದ್ದರೆ, ಅನ್ನದ ಉಂಡೆಯನ್ನಾಗಲಿ ಬಾಳೆಹಣ್ಣನ್ನಾಗಲಿ ನುಂಗಿಸಬಾರದು. ಮತ್ತೆ ನೀರನ್ನೂ ಕುಡಿಸಬಾರದು. ನೀರು ಬಿದ್ದಷ್ಟೂ ಬೀಜ ಉಬ್ಬುತ್ತದೆ. ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು.