ಮೂರು ಚಪ್ಪಾಳೆ, ಒಂದು ತಾಳೆ

ಫೋನಿನಲ್ಲಿ ದೃಶ್ಯವನ್ನೂ ಬೇರೊಂದು ರೆಕಾರ್ಡರಿನಲ್ಲಿ ಧ್ವನಿಯನ್ನೂ ಹಿಡಿದಾಗ, ಎರಡನ್ನೂ ಕೂಡಿಸಲು ಒಂದು ಸಮಾನ ಗುರುತು ಬೇಕು. ಆ ಕೆಲಸಕ್ಕೆ ಚಪ್ಪಾಳೆಗಿಂತ ಸರಳವಾದದ್ದಿಲ್ಲ. ಸಿನಿಮಾದವರ ಕ್ಲಾಪ್ ಬೋರ್ಡ್ ಮಾಡುವುದೂ ಇದನ್ನೇ. ಅಂಗೈಗಳು ಸೇರುವ ಕ್ಷಣ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ, ಅದರ ಸದ್ದು ಧ್ವನಿಯ ಅಲೆಯ ಚಿತ್ರದಲ್ಲಿ ಚೂಪಾಗಿ ಮೇಲೇಳುತ್ತದೆ.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವಿಡಿಯೋವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತ, ಎರಡು ಅಂಗೈಗಳೂ ತಾಗಿರುವ ಮೊದಲ ಫ್ರೇಮನ್ನು ಹುಡುಕಬೇಕು. ಅಲೆ ಚಿಮ್ಮುವ ಜಾಗವನ್ನು ಅದರ ನೇರಕ್ಕೆ ತಂದರೆ ಆಯಿತು. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್ ಇರುತ್ತದೆ. ಅದರೊಳಗಿನ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಫೋನಿನದೇ ಧ್ವನಿಯ ಜೊತೆ ರೆಕಾರ್ಡರಿನ ಧ್ವನಿಯನ್ನು ಹೊಂದಿಸುವ ಅಭ್ಯಾಸವೂ ಇದೆ. ಆದರೆ ಫೋನ್ 10 ಮೀಟರ್ ದೂರದಲ್ಲಿದ್ದರೆ ಸದ್ದು ಅದನ್ನು ತಲುಪುವಷ್ಟರಲ್ಲಿ ಸುಮಾರು 29 ಮಿಲಿಸೆಕೆಂಡ್, ಅಂದರೆ ಹೆಚ್ಚುಕಡಿಮೆ ಒಂದು ಫ್ರೇಮ್, ಕಳೆದಿರುತ್ತದೆ. ಆದ್ದರಿಂದ ಸದ್ದಿಗಿಂತ ಕೈಯ ಚಿತ್ರವನ್ನೇ ನಂಬುವುದು ಮೇಲು.

ಇಷ್ಟಾದರೂ ಎಷ್ಟೋ ಸಲ ಆರಂಭದಲ್ಲಿ ಸರಿಯಾಗಿದ್ದ ತುಟಿ ಮತ್ತು ಮಾತು ಬರಬರುತ್ತಾ ದೂರವಾಗುತ್ತವೆ. ಮುಖ್ಯ ಕಾರಣ ಫೋನಿನ ಫ್ರೇಮ್ ದರ. ಬೆಳಕು ಕಡಿಮೆಯಾದಾಗ ಒಂದೊಂದು ಫ್ರೇಮಿಗೂ ಹೆಚ್ಚು ಬೆಳಕು ಸಿಗಲೆಂದು ಅನೇಕ ಫೋನುಗಳು ತಾವಾಗಿಯೇ ದರವನ್ನು ತಗ್ಗಿಸುತ್ತವೆ. ಬಿಸಿಯಾದಾಗ ಕೆಲವು ಫ್ರೇಮುಗಳನ್ನು ಬಿಟ್ಟುಬಿಡುವುದೂ ಉಂಟು. ಇದೇ ವೇರಿಯಬಲ್ ಫ್ರೇಮ್ ರೇಟ್. ಯಾವ ಫ್ರೇಮ್ ಯಾವ ಕ್ಷಣದಲ್ಲಿ ಕಾಣಬೇಕೆಂಬ ಲೆಕ್ಕ ಫೈಲಿನಲ್ಲೇ ಬರೆದಿರುವುದರಿಂದ ಫೋನಿನಲ್ಲಿ ನೋಡುವಾಗ ಏನೂ ತಪ್ಪು ಕಾಣದು. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳು ಮಾತ್ರ ಆ ಲೆಕ್ಕವನ್ನು ಬದಿಗಿಟ್ಟು ಫ್ರೇಮುಗಳನ್ನು ಸಮ ಅಂತರದಲ್ಲಿ ಜೋಡಿಸಿಬಿಡುತ್ತವೆ.

20 ನಿಮಿಷದ ಒಂದು ತಾಳಮದ್ದಳೆಯ ದಾಖಲೆಯನ್ನು ತೆಗೆದುಕೊಳ್ಳಬಹುದು. ಮೊದಲ 10 ನಿಮಿಷ ಒಳ್ಳೆಯ ಬೆಳಕಿದೆ, ಸೆಕೆಂಡಿಗೆ 30ರಂತೆ 18,000 ಫ್ರೇಮುಗಳು ಬಂದಿವೆ. ಆಮೇಲೆ ಕೆಲವು ದೀಪ ಆರಿಸಿದ್ದರಿಂದ ಸರಾಸರಿ 29.85ಕ್ಕೆ ಇಳಿದು 17,910 ಫ್ರೇಮುಗಳಷ್ಟೇ ಸಿಕ್ಕಿವೆ. ಒಟ್ಟು 35,910 ಫ್ರೇಮುಗಳನ್ನು 30ರ ಲೆಕ್ಕದಲ್ಲಿ ಓಡಿಸಿದರೆ 1,197 ಸೆಕೆಂಡಿಗೇ ದೃಶ್ಯ ಮುಗಿಯುತ್ತದೆ. ಧ್ವನಿ ಮಾತ್ರ ಪೂರ್ತಿ 1,200 ಸೆಕೆಂಡ್ ಇದೆ. ಅರ್ಥಧಾರಿ ಬಾಯಿ ಮುಚ್ಚಿದ ಮೂರು ಸೆಕೆಂಡ್ ನಂತರವೂ ಮಾತು ಕೇಳುತ್ತಿರುತ್ತದೆ.

ಇಂಥಲ್ಲಿ ಧ್ವನಿಯನ್ನೇ ಮೂರು ಸೆಕೆಂಡ್ ಕುಗ್ಗಿಸಿಬಿಡುವ ಆಸೆ ಸಹಜ. ಹಾಗೆ ಮಾಡಿದರೆ ಕೊನೆಯೇನೋ ಕೂಡುತ್ತದೆ, ಆದರೆ ಸರಿಯಾಗಿದ್ದ ನಡುಭಾಗ ಒಂದೂವರೆ ಸೆಕೆಂಡ್ ತಪ್ಪುತ್ತದೆ. ಮೊದಲು, ನಡುವೆ, ಕೊನೆಗೆ ಹೀಗೆ ಮೂರು ಚಪ್ಪಾಳೆ ಹೊಡೆದಿಡುವುದರ ಪ್ರಯೋಜನ ಇಲ್ಲಿದೆ. ನಡುವಿನ ತಪ್ಪು ಕೊನೆಯ ತಪ್ಪಿನ ಸರಿಯಾಗಿ ಅರ್ಧದಷ್ಟಿದ್ದರೆ ಬಹುಪಾಲು ಅದು ಗಡಿಯಾರದ ವ್ಯತ್ಯಾಸ. ಇಲ್ಲದಿದ್ದರೆ ಸಂಶಯ ಫ್ರೇಮ್ ದರದ ಮೇಲೆ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲನ್ನು ತೆರೆದು `Frame rate mode` ಎಂಬಲ್ಲಿ `Variable` ಇದೆಯೇ ಎಂದು ನೋಡಬಹುದು. ಅಲ್ಲೇ ಇರುವ ಕನಿಷ್ಠ ಮತ್ತು ಗರಿಷ್ಠ ದರಗಳನ್ನೂ ಗಮನಿಸಬೇಕು, ಏಕೆಂದರೆ ತೀರಾ ಸಣ್ಣ ಏರುಪೇರಿಗೂ ಆ ಹೆಸರು ಬೀಳುತ್ತದೆ.

ಪರಿಹಾರವೆಂದರೆ ಎಡಿಟಿಂಗಿಗೆ ಮೊದಲೇ ವಿಡಿಯೋವನ್ನು ಸ್ಥಿರ ದರಕ್ಕೆ ತರುವುದು. ಹ್ಯಾಂಡ್‌ಬ್ರೇಕ್‌ನಲ್ಲಿ ದರವನ್ನು 30 ಎಂದು ಆರಿಸಿ `Constant Framerate` ಒತ್ತಿದರೆ ಸಾಕು. ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಆದೇಶ ಹೀಗಿದೆ:

```
ffmpeg -i phone.mp4 -vf fps=30 -c:v libx264 -crf 18 -c:a copy phone_cfr.mp4
```

ಇದು ಫೈಲಿನೊಳಗಿನ ಸಮಯದ ಲೆಕ್ಕವನ್ನು ಓದಿ, ಕೊರತೆಯಿದ್ದಲ್ಲಿ ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಇಡುತ್ತದೆ, ಹೆಚ್ಚಿದ್ದಲ್ಲಿ ತೆಗೆಯುತ್ತದೆ. ಮೇಲಿನ ದಾಖಲೆಯಲ್ಲಿ ಕೊನೆಯ 10 ನಿಮಿಷಕ್ಕೆ ಸುಮಾರು 90 ಫ್ರೇಮುಗಳು ಸೇರಿ ಒಟ್ಟು 36,000 ಆಗುತ್ತದೆ, ದೃಶ್ಯ ಮತ್ತೆ 1,200 ಸೆಕೆಂಡಿಗೆ ನಿಲ್ಲುತ್ತದೆ. ವೇಗದ ಕೈಬೀಸಿನಲ್ಲಿ ಎಲ್ಲೋ ಸಣ್ಣ ತಡವರಿಕೆ ಕಂಡೀತು, ಅಷ್ಟೆ. ಈಗಾಗಲೇ ಕತ್ತರಿಸಿ ಜೋಡಿಸಿದ ಮೇಲೆ ಪರಿವರ್ತಿಸಿದರೆ ಕತ್ತರಿಸಿದ ಜಾಗಗಳೆಲ್ಲ ಜರುಗಬಹುದು, ಹಾಗಾಗಿ ಇದು ಮೊದಲ ಹೆಜ್ಜೆಯೇ ಆಗಬೇಕು.

ಪರಿವರ್ತನೆಯ ನಂತರವೂ ಉಳಿಯುವ ಕಿರು ತಪ್ಪು ಎರಡು ಉಪಕರಣಗಳ ಗಡಿಯಾರಗಳದ್ದು. ಅವು ಹತ್ತು ಲಕ್ಷಕ್ಕೆ 20 ಪಾಲು ಬೇರೆಯಾಗಿದ್ದರೆ ಎರಡು ಗಂಟೆಯ ಪ್ರಸಂಗದಲ್ಲಿ 144 ಮಿಲಿಸೆಕೆಂಡ್, ಅಂದರೆ ನಾಲ್ಕು ಫ್ರೇಮಿನಷ್ಟು ವ್ಯತ್ಯಾಸ ಬರುತ್ತದೆ. ಇದು ಸಮನಾಗಿ ಬೆಳೆಯುವುದರಿಂದ ಇಲ್ಲಿ ಧ್ವನಿಯನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು ನ್ಯಾಯವೇ. ಸಾಫ್ಟ್‌ವೇರಿನಲ್ಲಿ ಅಷ್ಟು ಸೂಕ್ಷ್ಮವಾದ ವೇಗ ಕೊಡಲು ಬಾರದಿದ್ದರೆ ಅರ್ಧ ಗಂಟೆಗೊಮ್ಮೆ, ಮಾತಿನ ನಡುವೆ ಮೌನ ಸಿಕ್ಕಲ್ಲಿ ಧ್ವನಿಯನ್ನು ಕತ್ತರಿಸಿ ಒಂದು ಫ್ರೇಮ್ ಸರಿಸಿದರೆ ಆದೀತು.