ಟ್ರೇಡ್ ಟೆಸ್ಟ್: ಬೋರ್ಡಿನ ಮುಂದೆ ನಿಂತಾಗ

ಪೀಣ್ಯವಿರಲಿ, ಬಿಡದಿಯಿರಲಿ, ನಂಜನಗೂಡಿರಲಿ, ಕಾರ್ಖಾನೆಯವರು ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಕರೆದಾಗ ಟ್ರೇಡ್ ಟೆಸ್ಟ್‌ಗೆ ಇಟ್ಟಿರುವ ಸಾಮಾನು ಬಹುಪಾಲು ಒಂದೇ ಬಗೆಯದು. ಹಲಗೆಯ ಮೇಲೆ ಕೂರಿಸಿದ ಎಂಸಿಬಿ, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಒಂದು ಹಸಿರು ಮತ್ತು ಒಂದು ಕೆಂಪು ಪುಶ್ ಬಟನ್, ಕೆಳಗೆ ಒಂದು ತ್ರೀ ಫೇಸ್ ಮೋಟರ್. ಡಿಒಎಲ್ ಸ್ಟಾರ್ಟರ್ ವೈರಿಂಗ್ ಮಾಡಿ ಮೋಟರ್ ಓಡಿಸಿ ತೋರಿಸಬೇಕು. ಎರಡು ವರ್ಷ ಐಟಿಐ ಓದಿದವರಿಗೆ ಇದು ಹೊಸದೇನಲ್ಲ. ಆದರೂ ಓದಿಕೊಂಡು ಬಂದವರು ಎಡವುವುದು ಇಲ್ಲೇ, ಅದೂ ಮೊದಲ ತಂತಿ ಹಾಕುವ ಮುಂಚೆ.

ಕಾರಣ ಕಾಂಟ್ಯಾಕ್ಟರಿನ ಕಾಯಿಲ್. ಅದರ ಮೇಲೆ ಎಷ್ಟು ವೋಲ್ಟ್ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ. 240 ಎಂದಿದ್ದರೆ ಒಂದು ಫೇಸ್ ಮತ್ತು ನ್ಯೂಟ್ರಲ್ ಕೊಡಬೇಕು. 415 ಎಂದಿದ್ದರೆ ಎರಡು ಫೇಸ್. ಐಟಿಐಯಲ್ಲಿ ಕಲಿತ ಚಿತ್ರವನ್ನು ಬಾಯಿಪಾಠ ಮಾಡಿಕೊಂಡು ಬಂದವರು ಬರಹ ನೋಡದೆ ತಂತಿ ಎಳೆಯುತ್ತಾರೆ. 240ರ ಕಾಯಿಲ್‌ಗೆ ಎರಡು ಫೇಸ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತದೆ. 415ರದ್ದಕ್ಕೆ ಫೇಸ್-ನ್ಯೂಟ್ರಲ್ ಕೊಟ್ಟರೆ ಕಾಂಟ್ಯಾಕ್ಟರ್ ಪೂರ್ತಿ ಹಿಡಿಯದೆ ಗುರ್ ಎನ್ನುತ್ತದೆ, ಇಲ್ಲವೇ ಅಲ್ಲಾಡುವುದೇ ಇಲ್ಲ. ಕೆಲವು ಪರೀಕ್ಷಕರು ಬೇಕೆಂದೇ 415ರ ಕಾಯಿಲ್ ಇಡುತ್ತಾರೆ. ಇದರಲ್ಲಿ ಮೋಸವೇನಿಲ್ಲ; ಕಾರ್ಖಾನೆಯ ಪ್ಯಾನಲ್ ತೆರೆದಾಗ ಒಳಗೆ ಯಾವುದಿದೆಯೆಂದು ಯಾರೂ ಮೊದಲೇ ಹೇಳುವುದಿಲ್ಲವಲ್ಲ.

ವೈರಿಂಗಿನಲ್ಲಿ ಎರಡು ದಾರಿಗಳಿವೆ. ಮೂರು ಫೇಸ್‌ಗಳು ಎಂಸಿಬಿಯಿಂದ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ ದಾಟಿ ಮೋಟರ್ ಸೇರುವುದು ಪವರ್ ದಾರಿ. ಇದರಲ್ಲಿ ತಪ್ಪುವವರು ಕಡಿಮೆ. ಇನ್ನೊಂದು ಕಂಟ್ರೋಲ್ ದಾರಿ. ಒಂದು ಫೇಸ್ ಮೊದಲು ಓವರ್‌ಲೋಡಿನ 95-96 ಕಾಂಟ್ಯಾಕ್ಟ್ ದಾಟುತ್ತದೆ, ನಂತರ ಕೆಂಪು ಬಟನ್, ನಂತರ ಹಸಿರು ಬಟನ್, ಕೊನೆಗೆ ಕಾಯಿಲ್‌ನ ಎ1. ಎ2ಗೆ ನ್ಯೂಟ್ರಲ್. ಹಸಿರು ಬಟನ್ ಬಿಟ್ಟ ಮೇಲೂ ಮೋಟರ್ ಓಡುತ್ತಿರಬೇಕಾದರೆ ಕಾಂಟ್ಯಾಕ್ಟರಿನ 13-14 ಕಾಂಟ್ಯಾಕ್ಟನ್ನು ಆ ಬಟನ್‌ಗೆ ಸಮಾನಾಂತರವಾಗಿ ಜೋಡಿಸಬೇಕು. ಕಾರ್ಖಾನೆಗಳಲ್ಲಿ ಇದನ್ನು ಹೋಲ್ಡಿಂಗ್ ಎನ್ನುತ್ತಾರೆ.

ಹೋಲ್ಡಿಂಗ್ ಮರೆತರೆ ಬಟನ್ ಬಿಟ್ಟ ಕೂಡಲೇ ಮೋಟರ್ ನಿಲ್ಲುತ್ತದೆ. ಇದು ಸಣ್ಣ ತಪ್ಪು, ಒಂದೆರಡು ನಿಮಿಷದಲ್ಲಿ ಸರಿಯಾಗುತ್ತದೆ. ನಿಜವಾದ ಅಪಾಯ ಬೇರೆ ಇದೆ. ಹೋಲ್ಡಿಂಗ್ ತಂತಿಯನ್ನು ಕೆಂಪು ಬಟನ್ನಿನ ಆಚೆಯಿಂದ, ಅಂದರೆ ಸಪ್ಲೈ ಬರುವ ಬದಿಯಿಂದ ತಂದರೆ ಮೋಟರ್ ಚೆನ್ನಾಗಿಯೇ ಓಡುತ್ತದೆ. ಆದರೆ ಕೆಂಪು ಬಟನ್ ಒತ್ತಿದರೆ ನಿಲ್ಲುವುದಿಲ್ಲ. ಯಂತ್ರದಲ್ಲಿ ಯಾರದಾದರೂ ಕೈ ಸಿಕ್ಕಿರುವಾಗ ಅದು ಹಾಗೇ ತಿರುಗುತ್ತಿದ್ದರೆ? ಓಡಿಸಿ ತೋರಿಸಿ ಖುಷಿಪಟ್ಟು, ನಿಲ್ಲಿಸಿ ತೋರಿಸದೆ ಹೋಗುವ ಹುಡುಗರನ್ನು ಪರೀಕ್ಷಕರು ಅಲ್ಲೇ ಕೈಬಿಡುತ್ತಾರೆ. ಹಾಗೆ ಕೈಬಿಡುವುದು ಸರಿಯೆಂದೇ ನನ್ನ ಅಭಿಪ್ರಾಯ.

ಸಪ್ಲೈ ಕೊಡುವ ಮೊದಲಿನ ನಡವಳಿಕೆಗೂ ಅಂಕವಿದೆ. ತಂತಿಯ ತುದಿಗೆ ಲಗ್ ಹಾಕಿದ್ದಾರೆಯೇ, ಸ್ಕ್ರೂ ಬಿಗಿದ ಮೇಲೆ ತಂತಿ ಒಮ್ಮೆ ಎಳೆದು ನೋಡುತ್ತಾರೆಯೇ, ಮೋಟರಿನ ಬಾಡಿಗೆ ಹಸಿರು ಅರ್ಥ್ ತಂತಿ ಬಂತೇ? ಮೆಗ್ಗರ್ ಕೊಟ್ಟಿದ್ದರೆ 500 ವೋಲ್ಟ್‌ನಲ್ಲಿ ವೈಂಡಿಂಗ್ ಮತ್ತು ಬಾಡಿಯ ನಡುವೆ ನೋಡಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಮೋಟರಿಗೆ ಸಪ್ಲೈ ಕೊಡಲು ಒಪ್ಪಬೇಡಿ, ಕಾರಣವನ್ನೂ ಹೇಳಿ. ಓವರ್‌ಲೋಡ್ ರಿಲೇಯ ಡಯಲ್ ಅಂದಾಜಿನ ಮೇಲೆ ತಿರುಗಿಸುವುದಲ್ಲ. ಮೋಟರಿನ ನೇಮ್‌ಪ್ಲೇಟಿನಲ್ಲಿ 7.5 ಆಂಪಿಯರ್ ಎಂದಿದ್ದರೆ ಡಿಒಎಲ್‌ನಲ್ಲಿ ಅಷ್ಟಕ್ಕೇ ಇಡಬೇಕು. ಸ್ಟಾರ್ ಡೆಲ್ಟಾದಲ್ಲಿ ರಿಲೇ ವೈಂಡಿಂಗಿನ ಸಾಲಿನಲ್ಲಿದ್ದರೆ ಲೆಕ್ಕ ಬೇರೆ: ನೇಮ್‌ಪ್ಲೇಟಿನ ಕರೆಂಟನ್ನು 0.58ರಿಂದ ಗುಣಿಸಬೇಕು. 14 ಆಂಪಿಯರ್‌ನ ಮೋಟರಿಗೆ ಸುಮಾರು 8.1. ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಬರಬಹುದು, ಅಲ್ಲಿ 14 ಎಂದೇ ಹೇಳಿ ಬರುವವರಿದ್ದಾರೆ.

ಮೋಟರ್ ಓಡಿತು ಎಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಎರಡನೇ ಭಾಗ ಶುರುವಾಗುತ್ತದೆ. ನಿಮ್ಮನ್ನು ಹೊರಗೆ ಕಳಿಸಿ ಬೋರ್ಡಿನಲ್ಲಿ ಏನೋ ಕೆಡಿಸಿಟ್ಟು ಒಳಗೆ ಕರೆಯುತ್ತಾರೆ. ಹಸಿರು ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಎನ್ನಿ. ಒಂದೊಂದೇ ತಂತಿ ಬಿಚ್ಚಿ ನೋಡುವವರಿಗೆ ಅರ್ಧ ದಿನ ಬೇಕು. ತಿಳಿದವರು ಮೊದಲು ಮಲ್ಟಿಮೀಟರನ್ನು ಸಪ್ಲೈ ಇರುವುದು ಗೊತ್ತಿರುವ ಕಡೆ ಹಿಡಿದು ಮೀಟರೇ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಒಂದು ಪ್ರೋಬನ್ನು ನ್ಯೂಟ್ರಲ್‌ನಲ್ಲಿಟ್ಟು ಇನ್ನೊಂದನ್ನು ಕಂಟ್ರೋಲ್ ದಾರಿಯುದ್ದಕ್ಕೂ ಮುಂದಕ್ಕೆ ಸರಿಸುತ್ತಾರೆ. 95ರಲ್ಲಿ 240 ವೋಲ್ಟ್, 96ರಲ್ಲಿ ಸೊನ್ನೆ. ಅಂದರೆ ದೋಷ ಓವರ್‌ಲೋಡ್ ರಿಲೇಯಲ್ಲೇ ಇದೆ. ಅದು ಟ್ರಿಪ್ ಆಗಿದೆ.

ರೀಸೆಟ್ ಒತ್ತಿದರೆ ಮೋಟರ್ ಮತ್ತೆ ಓಡುತ್ತದೆ. ಹೆಲ್ಪರ್ ಮತ್ತು ಎಲೆಕ್ಟ್ರಿಷಿಯನ್ ಬೇರೆಯಾಗುವುದು ಇಲ್ಲಿ. “ಯಾಕೆ ಟ್ರಿಪ್ ಆಯ್ತು?” ಎಂದು ಪರೀಕ್ಷಕರು ಕೇಳುವ ಮುಂಚೆಯೇ ನೀವು ಕ್ಲ್ಯಾಂಪ್ ಮೀಟರ್ ಕೇಳಿ ಮೂರೂ ಫೇಸ್‌ಗಳ ಕರೆಂಟ್ ನೋಡಿದರೆ ಅರ್ಧ ಇಂಟರ್‌ವ್ಯೂ ಮುಗಿದಂತೆ. ಮೂರೂ ಹೆಚ್ಚಿದ್ದರೆ ಯಂತ್ರದಲ್ಲಿ ಏನೋ ಬಿಗಿಯಾಗಿದೆ, ಬೇರಿಂಗ್ ಹೋಗಿರಬಹುದು. ಎರಡರಲ್ಲಿ ಹೆಚ್ಚು, ಒಂದರಲ್ಲಿ ಸೊನ್ನೆಯಿದ್ದರೆ ಒಂದು ಫೇಸ್ ಬರುತ್ತಿಲ್ಲ. ಫ್ಯೂಸ್, ಸಡಿಲ ಲಗ್, ತೇದ ಕಾಂಟ್ಯಾಕ್ಟ್ ನೋಡಬೇಕು.

ಫಿಟ್ಟರ್‌ಗಳ ಟೆಸ್ಟ್‌ನಲ್ಲಿ ಕೆಡಿಸಿಡುವ ಆಟವಿಲ್ಲ, ತಾಳ್ಮೆಯ ಪರೀಕ್ಷೆಯಿದೆ. ಕಬ್ಬಿಣದ ಎರಡು ತುಂಡು ಕೊಟ್ಟು ಒಂದರೊಳಗೆ ಇನ್ನೊಂದು ಕೂರುವಂತೆ ಮಾಡಲು ಹೇಳುತ್ತಾರೆ. ಹ್ಯಾಕ್ಸಾದಲ್ಲಿ ಕೊಯ್ದು, ಫೈಲ್ ಹಾಕಿ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಇಣುಕಬಾರದು. ಒಂದು ಬದಿಯನ್ನು ನೇರ ಮಾಡಿಕೊಂಡು, ಅದನ್ನೇ ಆಧಾರವಾಗಿಟ್ಟು ಉಳಿದ ಅಳತೆಗಳನ್ನು ಗುರುತಿಸಿದವರದು ಕೂರುತ್ತದೆ. ನಾಲ್ಕೂ ಬದಿಯನ್ನು ಒಟ್ಟಿಗೆ ಉಜ್ಜಿದವರದು ಕಿರಿದಾಗುತ್ತ ಹೋಗುತ್ತದೆ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಮಾತಿನಲ್ಲಿ ಕೇಳುವ ಪ್ರಶ್ನೆಗಳು ಚಿಕ್ಕವು: ಎಂ10 ಟ್ಯಾಪ್‌ಗೆ ಎಷ್ಟರ ಡ್ರಿಲ್? 8.5 ಮಿ.ಮೀ., ಹತ್ತರಿಂದ ಪಿಚ್ ಒಂದೂವರೆ ಕಳೆದರೆ ಸಿಕ್ಕಿತು. 6205 ಬೇರಿಂಗಿನ ಒಳವ್ಯಾಸ? ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ, 25 ಮಿ.ಮೀ.

ಮೇಜಿನ ಎದುರಿನ ಇಂಟರ್‌ವ್ಯೂ ಹೆಚ್ಚಾಗಿ ಇದೇ ಬೋರ್ಡಿನ ಮುಂದುವರಿಕೆ. ಹಿಂದಿನ ಕಂಪನಿಯಲ್ಲಿ ಮಾಡಿದ ಒಂದು ಬ್ರೇಕ್‌ಡೌನ್ ಹೇಳಿ ಎನ್ನುತ್ತಾರೆ. ಯಂತ್ರ ಯಾವುದು, ಲಕ್ಷಣ ಏನು, ಮೊದಲು ಎಲ್ಲಿ ನೋಡಿದಿರಿ, ಮತ್ತೆ ಕೆಡದಂತೆ ಏನು ಮಾಡಿದಿರಿ, ಈ ಕ್ರಮದಲ್ಲಿ ಹೇಳಿದರೆ ಸಾಕು. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಹೇಳಿ. ಪ್ಯಾನಲ್‌ನಲ್ಲಿ ಕೆಲಸ ಮಾಡುವಾಗ ಬೇರೆಯವರು ಸ್ವಿಚ್ ಹಾಕದಂತೆ ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ. “ಹುಡುಗನನ್ನು ನಿಲ್ಲಿಸ್ತೀನಿ ಸಾರ್” ಎನ್ನುವುದು ತಪ್ಪು ಉತ್ತರ. ಐಸೊಲೇಟರ್‌ಗೆ ನಿಮ್ಮ ಬೀಗ ಹಾಕಿ, ಹೆಸರಿನ ಟ್ಯಾಗ್ ತೂಗಿಸಿ, ಕೀಲಿ ನಿಮ್ಮ ಜೇಬಿನಲ್ಲಿರಬೇಕು.

ಐಟಿಐ ಪ್ರಮಾಣಪತ್ರ, ಅಪ್ರೆಂಟಿಸ್‌ಶಿಪ್ ಮುಗಿಸಿದ್ದರೆ ಅದರ ಪತ್ರ, ವೈರ್‌ಮನ್ ಪರ್ಮಿಟ್ ಇದ್ದರೆ ಅದು, ಇವುಗಳ ಮೂಲಪ್ರತಿ ಜೊತೆಗಿರಲಿ. ನೀವೂ ಎರಡು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಸಂಬಳ ಕೊಡುವವರು ಕಂಪನಿಯೋ ಕಾಂಟ್ರಾಕ್ಟರೋ? ರಾತ್ರಿ ಶಿಫ್ಟಿನಲ್ಲಿ ಪ್ಯಾನಲ್ ಕೆಲಸಕ್ಕೆ ಒಬ್ಬರನ್ನೇ ಬಿಡುತ್ತಾರೋ, ಜೊತೆಗೆ ಇನ್ನೊಬ್ಬರಿರುತ್ತಾರೋ? ಎರಡನೆಯದಕ್ಕೆ ಮೆಂಟೆನೆನ್ಸ್ ಇನ್‌ಚಾರ್ಜ್ ಹೇಗೆ ಉತ್ತರಿಸುತ್ತಾರೆ ಎನ್ನುವುದರಲ್ಲೇ ಆ ಕಾರ್ಖಾನೆಯ ಸುರಕ್ಷತೆ ಎಷ್ಟರಮಟ್ಟಿಗಿದೆಯೆಂದು ಸಾಕಷ್ಟು ತಿಳಿಯುತ್ತದೆ.